ಭಾನುವಾರ ರಾತ್ರಿಯ ಸೋಮವಾರ

ನಮ್ಮ ಮನೆಯಲ್ಲಿ ಸೋಮವಾರ ಶುರುವಾಗುವುದು ಭಾನುವಾರ ರಾತ್ರಿ 8:45ಕ್ಕೆ. ಇಲ್ಲಿ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಊಟ ಮುಗಿಸಿ, ವಾರಕ್ಕಾಗುವಷ್ಟು ಹುಳಿಪುಡಿ ಡಬ್ಬಕ್ಕೆ ತುಂಬುತ್ತಿರುವ ಹೊತ್ತಿಗೆ ಮುಂಬೈಯಲ್ಲಿ ಷೇರು ಮಾರುಕಟ್ಟೆ ತೆರೆಯುತ್ತದೆ. ಅಲ್ಲಿ ಆಗ ಸೋಮವಾರ ಬೆಳಿಗ್ಗೆ 9:15. ಶಿವಮೊಗ್ಗದಲ್ಲಿ ಅಪ್ಪ ತಿಂಡಿ ಮುಗಿಸಿ, ಎರಡನೇ ಲೋಟ ಕಾಫಿ ಹಿಡಿದು ಜಗುಲಿಯ ಕುರ್ಚಿಯಲ್ಲಿ ಕೂತಿರುತ್ತಾರೆ.

ಬೇಸಿಗೆಯಲ್ಲಿ ಈ ಲೆಕ್ಕ ಸುಲಭ. ಕ್ಯಾಲಿಫೋರ್ನಿಯಾ ಭಾರತಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿನ ಬೆಳಿಗ್ಗೆಯನ್ನು ರಾತ್ರಿ ಮಾಡಿ ಅರ್ಧ ಗಂಟೆ ಕಳೆದರೆ ಸಾಕು. ನವೆಂಬರ್‌ನಲ್ಲಿ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಭಾರತದ ಗಡಿಯಾರ ಅಲ್ಲಾಡುವುದಿಲ್ಲ. ಆಗ ಅಂತರ ಹದಿಮೂರೂವರೆ ಗಂಟೆಯಾಗುತ್ತದೆ, ಮಾರುಕಟ್ಟೆ ನಮಗೆ ಸಂಜೆ 7:45ಕ್ಕೇ ತೆರೆಯುತ್ತದೆ. ಮುಚ್ಚುವುದು ಮಧ್ಯಾಹ್ನ 3:30ಕ್ಕೆ. ಅಂದರೆ ನನಗೆ ಬೇಸಿಗೆಯಲ್ಲಿ ನಸುಕಿನ ಮೂರು ಗಂಟೆ, ಚಳಿಗಾಲದಲ್ಲಿ ಎರಡು. ತೆರೆಯುವಾಗ ನಾನು ಎಚ್ಚರ ಇರುತ್ತೇನೆ. ಮುಚ್ಚುವುದನ್ನು ನೋಡಬೇಕಾದರೆ ನಿದ್ದೆ ಕೆಡಬೇಕು.

ಇದೆಲ್ಲ ನನ್ನ ತಲೆಗೆ ಬಂದಿದ್ದು 2024ರಲ್ಲಿ. ಆ ವರ್ಷದ ಶುರುವಿನಲ್ಲಿ ಅಪ್ಪನಿಗೆ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಯಿತು. ಅಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮೊದಲಿನಿಂದಲೂ ಸಂಬಳದಲ್ಲಿ ಉಳಿಸಿ, ಒಂದೊಂದೇ ಕಂಪನಿಯ ಷೇರು ಕೊಂಡು ಇಟ್ಟವರು. ಕೊಂಡ ದಿನ, ಬೆಲೆ, ಬಂದ ಡಿವಿಡೆಂಡು ಎಲ್ಲವೂ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ನೀಲಿ ಶಾಯಿಯಲ್ಲಿ ಇದೆ. ಡಾಕ್ಟರು ಸ್ವಲ್ಪ ದಿನ ಫೋನಿನ ಸಣ್ಣ ಅಕ್ಷರ ಬೇಡ ಅಂದಿದ್ದರು. ಅಪ್ಪ ನನಗೆ ಫೋನ್ ಮಾಡಿ, "ನಾಲ್ಕು ಷೇರಿನ ಮೇಲೆ ಒಂದು ಕಣ್ಣಿಟ್ಟಿರೋ. ನಾನು ಹೇಳಿದ ಬೆಲೆ ಬಂದ್ರೆ ತಿಳಿಸು, ಸಾಕು" ಅಂದರು.

ಖಾತೆ ಅಪ್ಪನದು. ಅದರಲ್ಲಿ ಕೊಳ್ಳುವುದು, ಮಾರುವುದು ಅವರ ಕೆಲಸ. ನನ್ನ ಕೆಲಸ ಬೆಲೆ ನೋಡಿ ತಿಳಿಸುವುದು ಮಾತ್ರ. ಹದಿನೈದು ವರ್ಷದಿಂದ ಸಾಫ್ಟ್‌ವೇರ್ ಬರೆಯುತ್ತಿರುವವನಿಗೆ ಇದೊಂದು ಭಾನುವಾರದ ಕೆಲಸ ಅನ್ನಿಸಿತು. ಮನೆಯ ಮೂಲೆಯಲ್ಲಿದ್ದ ಸಣ್ಣ ಕಂಪ್ಯೂಟರ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದೆ. ನಿಮಿಷಕ್ಕೊಮ್ಮೆ ಬೆಲೆ ತರುವುದು, ಅಪ್ಪನ ಪಟ್ಟಿಯ ಬೆಲೆಯ ಜೊತೆ ಹೋಲಿಸುವುದು, ದಾಟಿದ್ದರೆ ನಮ್ಮಿಬ್ಬರ ಫೋನಿಗೂ ಒಂದು ಮೆಸೇಜು. ಇದನ್ನು ದಿನಾ ಎಬ್ಬಿಸಲು `cron`ನಲ್ಲಿ ಈ ಸಾಲು ಹಾಕಿದೆ:

```
45 20 * * 1-5  /home/me/bin/bele.sh
```

ರಾತ್ರಿ 8:45ಕ್ಕೆ, ಸೋಮವಾರದಿಂದ ಶುಕ್ರವಾರದವರೆಗೆ. ನೋಡಲು ಸರಿಯಾಗಿಯೇ ಇದೆ ಅಲ್ವಾ?

ಮೊದಲ ವಾರ ನಾಲ್ಕು ದಿನ ಚೆನ್ನಾಗಿ ನಡೆಯಿತು. ಶುಕ್ರವಾರ ರಾತ್ರಿ ಮೆಸೇಜು ಬಂತು, ಒಂದು ಷೇರು ಅಪ್ಪ ಹೇಳಿದ ಬೆಲೆ ಮುಟ್ಟಿದೆ ಅಂತ. ಖುಷಿಯಿಂದ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಒಂದು ಕ್ಷಣ ಸುಮ್ಮನಿದ್ದು, "ಇವತ್ತು ಶನಿವಾರ ಅಲ್ವೇನೋ? ಪೇಟೆ ಎಲ್ಲಿ ತೆಗೆದಿದೆ?" ಅಂದರು.

ನನ್ನ ಶುಕ್ರವಾರ ರಾತ್ರಿ ಅವರ ಶನಿವಾರ ಬೆಳಿಗ್ಗೆ. ಪೇಟೆ ಮುಚ್ಚಿತ್ತು. ಬೆಲೆ ಕೇಳಿದ ಸ್ಕ್ರಿಪ್ಟಿಗೆ ಸಿಕ್ಕಿದ್ದು ಹಿಂದಿನ ದಿನದ ಕೊನೆಯ ಬೆಲೆ. ಅದನ್ನೇ ಹೊಸದು ಅಂದುಕೊಂಡು ಮೆಸೇಜು ಕಳಿಸಿತ್ತು. ಆ ಬೆಲೆ ನಿಜವಾಗಿ ಮುಟ್ಟಿದ್ದು ಶುಕ್ರವಾರ ಕೊನೆಯ ಗಳಿಗೆಯಲ್ಲಿ, ಆಗ ನಾನು ಮಲಗಿದ್ದೆ. ಲ್ಯಾಪ್‌ಟಾಪ್ ನಿದ್ದೆಗೆ ಹೋದಂತೆ ಆ ಸಣ್ಣ ಕಂಪ್ಯೂಟರೂ ನಡುರಾತ್ರಿ ನೆಟ್ ಕಳೆದುಕೊಂಡಿತ್ತು ಅಂತ ಆಮೇಲೆ ಗೊತ್ತಾಯಿತು.

ಇನ್ನೂ ದೊಡ್ಡ ತಪ್ಪು ಇನ್ನೊಂದು ತುದಿಯಲ್ಲಿತ್ತು. ಭಾನುವಾರ ರಾತ್ರಿ ಸ್ಕ್ರಿಪ್ಟು ಏಳುತ್ತಲೇ ಇರಲಿಲ್ಲ. ಅಂದರೆ ಭಾರತದ ಸೋಮವಾರ ಪೂರ್ತಿ ನನ್ನ ಲೆಕ್ಕಕ್ಕೇ ಇರಲಿಲ್ಲ. ವಾರದ ಐದು ದಿನದಲ್ಲಿ ಒಂದು ದಿನ ಯಾರೂ ನೋಡುತ್ತಿಲ್ಲ, ಮತ್ತೆ ಮೆಸೇಜು ಬರದೇ ಇರುವುದನ್ನು ನೋಡಿ "ಏನೂ ಆಗಿಲ್ಲ" ಅಂತ ನಾವಿಬ್ಬರೂ ನೆಮ್ಮದಿಯಾಗಿದ್ದೇವೆ. ಶನಿವಾರದ ಸುಳ್ಳು ಮೆಸೇಜು ಬಾರದೇ ಇದ್ದಿದ್ದರೆ ಸೋಮವಾರದ ಮೌನ ಗೊತ್ತಾಗುವುದಕ್ಕೆ ಎಷ್ಟು ದಿನ ಬೇಕಿತ್ತೋ.

`1-5` ಬದಲು `0-4`, ಅಂದರೆ ಭಾನುವಾರದಿಂದ ಗುರುವಾರ, ಅಂತ ಬರೆದರೆ ದಿನ ಸರಿಹೋಗುತ್ತದೆ. ಆದರೆ ನವೆಂಬರ್ ಬಂದ ಕೂಡಲೇ ಗಂಟೆ ತಪ್ಪುತ್ತದೆ. ಸ್ಕ್ರಿಪ್ಟು 8:45ಕ್ಕೆ ಏಳುವ ಹೊತ್ತಿಗೆ ಅಲ್ಲಿ ಪೇಟೆ ತೆರೆದು ಒಂದು ಗಂಟೆಯಾಗಿರುತ್ತದೆ. ಮೊದಲ ಒಂದು ಗಂಟೆಯಲ್ಲಿ ಎಷ್ಟೋ ಆಗಿಹೋಗಿರುತ್ತದೆ. ಹಾಗಾಗಿ ನನ್ನ ಗಡಿಯಾರದಲ್ಲಿ ಲೆಕ್ಕ ಹಾಕುವುದನ್ನೇ ಬಿಟ್ಟೆ. `cron` ತೆಗೆದು `systemd` ಟೈಮರ್ ಹಾಕಿದೆ, ಅದರಲ್ಲಿ ಊರಿನ ಸಮಯವನ್ನೇ ನೇರವಾಗಿ ಬರೆಯಬಹುದು:

```
OnCalendar=Mon..Fri 09:15 Asia/Kolkata
```

ಕಂಪ್ಯೂಟರ್ ಎಲ್ಲಿದ್ದರೂ ಇದು ಭಾರತದ ವಾರ, ಭಾರತದ ಗಂಟೆ. ಜೊತೆಗೆ ಪ್ರತಿ ಬೆಲೆಯ ಬೆನ್ನಿಗೆ ಬರುವ ಕೊನೆಯ ವಹಿವಾಟಿನ ಸಮಯವನ್ನೂ ನೋಡುವಂತೆ ಮಾಡಿದೆ. ಅದು ಹತ್ತು ನಿಮಿಷಕ್ಕಿಂತ ಹಳೆಯದಾದರೆ ಬೆಲೆಯನ್ನು ನಂಬಬೇಡ. ರಜೆಯ ದಿನಗಳೂ ಇದರಿಂದಲೇ ಸಿಕ್ಕಿಬೀಳುತ್ತವೆ. ಪೇಟೆ ಮುಚ್ಚಿದ ಮೇಲೆ "ಇವತ್ತು ನೋಡಿದ್ದೇನೆ, ಏನೂ ಮುಟ್ಟಿಲ್ಲ" ಅಂತ ಒಂದು ಮೆಸೇಜು ಬರುವಂತೆಯೂ ಮಾಡಿದೆ. ಆಮೇಲಿಂದ ಮೌನ ಅಂದರೆ ಸ್ಕ್ರಿಪ್ಟು ನಿಂತಿದೆ ಅಂತ ಅರ್ಥ.

ಇಷ್ಟಕ್ಕೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಜೂನ್ ಬಂತು.

2024ರ ಲೋಕಸಭೆ ಚುನಾವಣೆಯ ಮತದಾನೋತ್ತರ ಸಮೀಕ್ಷೆಗಳು ಬಂದಿದ್ದು ಜೂನ್ 1, ಶನಿವಾರ ಸಂಜೆ. ಸೋಮವಾರ, ಜೂನ್ 3ರಂದು ಷೇರು ಸೂಚ್ಯಂಕ ನಿಫ್ಟಿ ಶೇಕಡ 3ಕ್ಕಿಂತ ಜಾಸ್ತಿ ಏರಿ 23,263ರಲ್ಲಿ ನಿಂತಿತು. ಅಪ್ಪನ ಬಳಿ ಒಂದು ಸರ್ಕಾರಿ ಕಂಪನಿಯ 200 ಷೇರುಗಳಿದ್ದವು. ಅವತ್ತು ಅದರ ಬೆಲೆ 412. ಜುಲೈನಲ್ಲಿ ಮೊಮ್ಮಗಳ, ಅಂದರೆ ನನ್ನ ತಂಗಿಯ ಮಗಳ ಕಾಲೇಜು ಫೀಸಿಗೆ 75,000 ಕೊಡುತ್ತೇನೆ ಅಂತ ಅಪ್ಪ ಮಾತು ಕೊಟ್ಟಿದ್ದರು. ಅದಕ್ಕೆ ಇಟ್ಟ ಷೇರು ಅದು. ನೋಟ್‌ಬುಕ್ಕಿನಲ್ಲಿ ಬರೆದಿದ್ದರು: "380ಕ್ಕೆ ಇಳಿದರೆ ಮಾರುವುದು." 200 ಷೇರಿಗೆ 76,000. ಬೆಲೆ 375ಕ್ಕಿಂತ ಕೆಳಗೆ ಹೋದರೆ ಫೀಸಿಗೆ ಸಾಲದು.

ಅಪ್ಪ ಬ್ರೋಕರ್ ಆ್ಯಪಿನಲ್ಲಿ ಒಂದು ಜಿಟಿಟಿ ಆರ್ಡರ್ ಕೂಡ ಹಾಕಿಟ್ಟಿದ್ದರು. ದಿನಾ ಹೊಸದಾಗಿ ಆರ್ಡರ್ ಹಾಕುವ ಬದಲು, "ಬೆಲೆ ಇಷ್ಟು ಮುಟ್ಟಿದಾಗ ಮಾರು" ಅಂತ ಒಮ್ಮೆ ಹೇಳಿಟ್ಟರೆ ಬ್ರೋಕರ್‌ನ ಕಂಪ್ಯೂಟರ್ ಕಾಯುತ್ತಿರುತ್ತದೆ. ಬೆಲೆ ಮುಟ್ಟಿದ ಮೇಲೆ ಮಾತ್ರ ಆರ್ಡರ್ ಎಕ್ಸ್‌ಚೇಂಜಿಗೆ ಹೋಗುತ್ತದೆ. ಅಪ್ಪ ಟ್ರಿಗರ್ 380, ಲಿಮಿಟ್ 378 ಅಂತ ಇಟ್ಟಿದ್ದರು, ಅಂದರೆ 380 ಮುಟ್ಟಿದಾಗ ಆರ್ಡರ್ ಹೊರಡಬೇಕು, 378ಕ್ಕಿಂತ ಕಮ್ಮಿಗೆ ಮಾರಬಾರದು. ಇದನ್ನು ತಿಳಿದ ನಾನು ನನ್ನ ಮೆಸೇಜಿಗೆ ಎರಡು ಪದ ಸೇರಿಸಿದೆ: "380 ಮುಟ್ಟಿತು. ಜಿಟಿಟಿ ಇದೆ."

ಜೂನ್ 4 ಎಣಿಕೆಯ ದಿನ. ಎಣಿಕೆ ಶುರುವಾದಾಗ ನನಗೆ ಸೋಮವಾರ ಸಂಜೆ 7:30. ಊಟದ ತಟ್ಟೆಯ ಪಕ್ಕ ಫೋನು ಇಟ್ಟುಕೊಂಡೇ ಕೂತಿದ್ದೆ. 8:45ಕ್ಕೆ ಪೇಟೆ ತೆರೆದಾಗ ಅಂಥ ಗಾಬರಿಯೇನೂ ಇರಲಿಲ್ಲ. ಆಮೇಲೆ ಮುನ್ನಡೆಯ ಅಂಕಿಗಳು ಸಮೀಕ್ಷೆ ಹೇಳಿದ ಹಾಗಿಲ್ಲ ಅಂತ ಕಾಣುತ್ತಿದ್ದಂತೆ ಬೆಲೆಗಳು ಜಾರತೊಡಗಿದವು. ಸರ್ಕಾರಿ ಕಂಪನಿಗಳ ಷೇರುಗಳು ಎಲ್ಲಕ್ಕಿಂತ ಜೋರಾಗಿ ಪೆಟ್ಟು ತಿಂದವು. 405, 398, 391. ರಾತ್ರಿ 10:10ಕ್ಕೆ ಫೋನು ಕಂಪಿಸಿತು: "380 ಮುಟ್ಟಿತು. ಜಿಟಿಟಿ ಇದೆ."

ಅಪ್ಪನಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಟಿವಿ ಮುಂದೆ ಮನೆ ತುಂಬ ಜನ ಇರುತ್ತಾರೆ, ಫೋನು ಒಳಗೆ ಚಾರ್ಜಿಗೆ ಹಾಕಿರುತ್ತಾರೆ ಅಂದುಕೊಂಡೆ. ಹೇಗೂ ಆರ್ಡರ್ ಇದೆ, ಮಾರಾಟ ಆಗಿರುತ್ತದೆ. ಮರುದಿನ ಬೆಳಿಗ್ಗೆ ಆಫೀಸಿನಲ್ಲಿ ಮುಖ್ಯವಾದ ಮೀಟಿಂಗ್ ಇತ್ತು. ಫೋನು ಸೈಲೆಂಟ್ ಮಾಡಿ ಮಲಗಿದೆ. ಬೆಲೆ ಇನ್ನೂ ಇಳಿಯುತ್ತಿದ್ದರೂ, ಅಪ್ಪನ ಷೇರು ಹೊರಗೆ ಬಂದಾಯಿತಲ್ಲ ಅಂತ ನೆಮ್ಮದಿಯ ನಿದ್ದೆ ಬಂತು.

ಐದೂವರೆಗೆ ಎಚ್ಚರವಾಯಿತು. ಫೋನಿನಲ್ಲಿ ಅಪ್ಪನ ಮಿಸ್ಡ್ ಕಾಲ್, 2:50ಕ್ಕೆ ಒಂದು, 2:54ಕ್ಕೆ ಒಂದು. ಶಿವಮೊಗ್ಗದಲ್ಲಿ ಆಗ 3:20. ಪೇಟೆ ಮುಚ್ಚುವುದಕ್ಕೆ ಹತ್ತು ನಿಮಿಷ ಇತ್ತು.

ನಾನು ಫೋನ್ ಮಾಡಿದಾಗ ಅಲ್ಲಿ ಸಂಜೆ ಆರು. ಅಪ್ಪ ಬಹಳ ಮೆಲ್ಲಗೆ ಹೇಳಿದರು, "ಅದು ಮಾರಾಟ ಆಗಿಲ್ಲ ಕಣೋ. ರಿಜೆಕ್ಟ್ ಅಂತ ಬಂದಿದೆ."

ಸ್ಕ್ರೀನ್‌ಶಾಟ್ ಕಳಿಸಿದರು. ಜಿಟಿಟಿ ಕೆಲಸ ಮಾಡಿತ್ತು, ಆರ್ಡರ್ ಹೊರಟಿತ್ತು. ಅದರ ಮುಂದೆ ಕೆಂಪಗೆ `REJECTED` ಅಂತ ಇತ್ತು. ಡಿಮ್ಯಾಟ್ ಖಾತೆಯಿಂದ ಷೇರು ಹೊರಗೆ ಹೋಗಬೇಕಾದರೆ ಖಾತೆದಾರರ ಒಪ್ಪಿಗೆ ಬೇಕು. ಬ್ರೋಕರ್‌ಗೆ ಮೊದಲೇ ಡಿಡಿಪಿಐ ಅನ್ನುವ ಅಧಿಕಾರಪತ್ರ ಬರೆದುಕೊಟ್ಟಿದ್ದರೆ ಆ ಒಪ್ಪಿಗೆ ಇದ್ದೇ ಇರುತ್ತದೆ. ಕೊಟ್ಟಿರದಿದ್ದರೆ ಮಾರುವ ಮುಂಚೆ ಷೇರುಗಳನ್ನು ಇಟ್ಟುಕೊಂಡಿರುವ ಡಿಪಾಸಿಟರಿಯ ಪುಟಕ್ಕೆ ಹೋಗಿ, ಟಿಪಿನ್ ಅನ್ನುವ ಗುಪ್ತಸಂಖ್ಯೆ ಹಾಕಿ, ಫೋನಿಗೆ ಬರುವ ಓಟಿಪಿ ಒತ್ತಿ ಒಪ್ಪಿಗೆ ಕೊಡಬೇಕು. ಅಪ್ಪನ ಬ್ರೋಕರ್‌ನಲ್ಲಿ ಆ ಒಪ್ಪಿಗೆ ಆ ಒಂದು ದಿನಕ್ಕೆ ಮಾತ್ರ. ಅಪ್ಪ ಡಿಡಿಪಿಐ ಕೊಟ್ಟಿರಲಿಲ್ಲ. ಜಿಟಿಟಿ ಹಾಕಿದ ದಿನ ಒಪ್ಪಿಗೆ ಕೊಟ್ಟಿದ್ದರು, ಅದು ಅವತ್ತೇ ಮುಗಿದಿತ್ತು. ಜೂನ್ 4ರ ಬೆಳಿಗ್ಗೆ ಆರ್ಡರ್ ಹೋದಾಗ ಖಾತೆಗೆ ಬೀಗ ಹಾಕಿತ್ತು.

ಇದು ಅಪ್ಪನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅದಕ್ಕಿಂತ ನನ್ನನ್ನು ಚುಚ್ಚಿದ್ದು ಅಪ್ಪನ ಮುಂದಿನ ಮಾತು. "ನಿನ್ನ ಮೆಸೇಜು ಹತ್ತೂಮುಕ್ಕಾಲಿಗೇ ನೋಡಿದೆ. ಜಿಟಿಟಿ ಇದೆ ಅಂತ ಇತ್ತಲ್ಲ, ಆಯ್ತು ಬಿಡು ಅಂದ್ಕೊಂಡೆ. ಮೂರು ಗಂಟೆಗೆ ಸುಮ್ನೆ ಆ್ಯಪ್ ತೆಗೆದು ನೋಡಿದ್ರೆ ಷೇರು ಹಾಗೇ ಇದೆ."

ನಾನು ಅಪ್ಪನನ್ನು ನಂಬಿ ಮಲಗಿದ್ದೆ. ಅಪ್ಪ ನನ್ನನ್ನು ನಂಬಿ ಟಿವಿ ನೋಡುತ್ತಿದ್ದರು. ನನ್ನ ಸ್ಕ್ರಿಪ್ಟಿಗೆ ಗೊತ್ತಿದ್ದದ್ದು ಬೆಲೆ ಒಂದೇ. ಆರ್ಡರ್ ಹೋಯಿತೋ, ನಿಂತಿತೋ, ತಿರಸ್ಕಾರ ಆಯಿತೋ ಅದಕ್ಕೆ ಕಾಣಿಸುತ್ತಲೇ ಇರಲಿಲ್ಲ. ಆದರೂ ಮೆಸೇಜಿನಲ್ಲಿ ನಾನು ಸೇರಿಸಿದ "ಜಿಟಿಟಿ ಇದೆ" ಅನ್ನುವ ಎರಡು ಪದ, ಎಲ್ಲ ಮುಗಿದಿದೆ ಅನ್ನುವ ಹಾಗೆ ಕೇಳಿಸಿತು. ಬೆಲೆ ಮುಟ್ಟುವುದು ಬೇರೆ, ಆರ್ಡರ್ ಹೋಗುವುದು ಬೇರೆ, ಮಾರಾಟ ಆಗುವುದು ಬೇರೆ. ನಾನು ಮೊದಲನೆಯದನ್ನು ನೋಡಿ ಮೂರನೆಯದನ್ನು ಹೇಳಿಬಿಟ್ಟಿದ್ದೆ.

ಅವತ್ತು ನಿಫ್ಟಿ ಶೇಕಡ 5.9ರಷ್ಟು ಕುಸಿದು 21,884ಕ್ಕೆ ನಿಂತಿತ್ತು. ಅಪ್ಪನ ಷೇರು 343. ಆಮೇಲೆ ಒಂದು ದಿನ ಕೂತು ಆ ಬೆಳಗಿನ ನಿಮಿಷ ನಿಮಿಷದ ಚಾರ್ಟ್ ತೆಗೆದು ನೋಡಿದೆ. 380 ದಾಟಿದ ಮೇಲೆ ಬೆಲೆ ಸುಮಾರು ಎರಡು ನಿಮಿಷ 378 ಮತ್ತು 380ರ ನಡುವೆಯೇ ಇತ್ತು. ಒಪ್ಪಿಗೆ ಇದ್ದಿದ್ದರೆ 378ಕ್ಕೆ ಕಮ್ಮಿಯಿಲ್ಲದ ಬೆಲೆಗೆ ಖಂಡಿತ ಹೋಗುತ್ತಿತ್ತು. ಎಲ್ಲ ಸಲ ಹೀಗಿರುವುದಿಲ್ಲ ಅನ್ನುವುದೂ ನಿಜ. ಹಿಂದಿನ ದಿನ 385ಕ್ಕೆ ಮುಚ್ಚಿದ ಷೇರು ಮರುದಿನ ನೇರ 360ಕ್ಕೆ ತೆರೆದುಕೊಂಡರೆ, 378ರ ಲಿಮಿಟ್ ಆರ್ಡರ್ ಕೊಳ್ಳುವವರಿಲ್ಲದೆ ಸಂಜೆಯವರೆಗೆ ನಿಂತು ರದ್ದಾಗುತ್ತದೆ. ಆಗಲೂ ಟ್ರಿಗರ್ ಆಗಿರುತ್ತದೆ, ನನ್ನ ಮೆಸೇಜೂ ಬಂದಿರುತ್ತದೆ.

ಮರುದಿನ, ನನ್ನ ಮಂಗಳವಾರ ರಾತ್ರಿ, 8:30ಕ್ಕೇ ವಿಡಿಯೋ ಕಾಲ್ ಮಾಡಿದೆ. ಅಪ್ಪ ಹೊಸ ಕನ್ನಡಕ ಹಾಕಿಕೊಂಡು ಫೋನಿನ ಒಂದು ಪುಟದಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ಅಮ್ಮ ಪಕ್ಕದಲ್ಲಿ ನಿಂತು ಓಟಿಪಿ ಬಂದ ಕೂಡಲೇ ಒಂದೊಂದೇ ಅಂಕಿ ಜೋರಾಗಿ ಓದಿದರು. ಅಪ್ಪ ಒತ್ತಿದರು. ಒಪ್ಪಿಗೆ ಆಯಿತು. ಪೇಟೆ ತೆರೆದ ಮೇಲೆ ಸ್ವಲ್ಪ ಚೇತರಿಕೆ ಕಂಡಿತು. ಅವತ್ತು ನಿಫ್ಟಿ ಶೇಕಡ 3.4ರಷ್ಟು ಮೇಲೆ ಬಂತು. ನಾನು ಇನ್ನೊಂದೆರಡು ದಿನ ಕಾಯೋಣ ಅಂದೆ. ಅಪ್ಪ ಒಪ್ಪಲಿಲ್ಲ. "ಇದು ಫೀಸಿನ ದುಡ್ಡು. ಇದನ್ನಿಟ್ಟುಕೊಂಡು ಕಾಯೋ ಹಾಗಿಲ್ಲ" ಅಂತ 359ಕ್ಕೆ ಮಾರಿದರು. 71,800 ರೂಪಾಯಿ. 378ಕ್ಕೇ ಹೋಗಿದ್ದರೂ 75,600. ನಡುವಿನ ವ್ಯತ್ಯಾಸ 3,800. ನಾನು ಕಳಿಸುತ್ತೇನೆ ಅಂದರೆ ಬೇಡ ಅಂದರು, ಫೀಸಿಗೆ ಕಮ್ಮಿ ಬಿದ್ದದ್ದನ್ನು ಠೇವಣಿಯ ಬಡ್ಡಿಯಲ್ಲಿ ಸರಿ ಮಾಡಿದರು. ಮಾರಿದ ಹಣ ಮರುದಿನವೇ ಖಾತೆಗೆ ಬಂತು. ಹಿಂದೆಲ್ಲ ಇದಕ್ಕೆ ಎರಡು ದಿನ ಹಿಡಿಯುತ್ತಿತ್ತು, 2023ರ ಜನವರಿ ಕೊನೆಯಿಂದ ಎಲ್ಲ ಷೇರುಗಳಿಗೂ ಒಂದೇ ದಿನ.

ಆ ವಾರ ಮೆಸೇಜು ಬದಲಾಯಿಸಿದೆ. ಈಗ ಅದು ಹೀಗೆ ಬರುತ್ತದೆ: "380ಕ್ಕಿಂತ ಕೆಳಗೆ. ನೋಟ್‌ಬುಕ್: 200 ಮಾರುವುದು. ಮಾರಾಟ ಆಗಿದೆಯೋ ಇಲ್ಲವೋ ಅಪ್ಪ ನೋಡಬೇಕು." ಅಪ್ಪ ಆರ್ಡರ್ ಪುಟ ನೋಡಿ "ಆಯ್ತು" ಅಂತ ಉತ್ತರ ಕೊಡುವವರೆಗೆ ಹತ್ತು ಹತ್ತು ನಿಮಿಷಕ್ಕೆ ಇಬ್ಬರಿಗೂ ಮತ್ತೆ ಬರುತ್ತಲೇ ಇರುತ್ತದೆ. ನನ್ನ ಫೋನು ರಾತ್ರಿ ಸೈಲೆಂಟ್ ಇದ್ದರೂ ಅಪ್ಪನ ಕರೆ ಮಾತ್ರ ಸದ್ದು ಮಾಡುತ್ತದೆ. ಅಪ್ಪ ಡಿಡಿಪಿಐ ಫಾರಂ ತರಿಸಿ ಎರಡು ಸಲ ಓದಿದರು. ಯಾವ ಯಾವ ಕೆಲಸಕ್ಕೆ ಅಧಿಕಾರ ಕೊಡುತ್ತಿದ್ದೇನೆ ಅನ್ನುವ ಸಾಲುಗಳಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಆಮೇಲೆ ಸಹಿ ಹಾಕಿದರು.

ನೋಟ್‌ಬುಕ್ಕಿಗೂ ಒಂದು ಕಾಲಂ ಸೇರಿತು. ಮೊದಲು ಬೆಲೆ ಮಾತ್ರ ಇರುತ್ತಿತ್ತು. ಈಗ ಪ್ರತಿ ಬೆಲೆಯ ಮುಂದೆ ಏನು ಮಾಡುವುದು, ಯಾಕೆ ಅಂತ ಅಪ್ಪ ಬರೆಯುತ್ತಾರೆ. ನಾವಿಬ್ಬರೂ ಎಚ್ಚರ ಇರುವಾಗ, ಪೇಟೆ ಮುಚ್ಚಿರುವ ನನ್ನ ಶನಿವಾರ ಬೆಳಿಗ್ಗೆ, ಅದನ್ನು ಓದುತ್ತಾರೆ. ನಾನು ಸ್ಕ್ರಿಪ್ಟಿನ ಪಟ್ಟಿ ತಿದ್ದುತ್ತೇನೆ. ನಡುರಾತ್ರಿ ಅರೆನಿದ್ದೆಯಲ್ಲಿ ಬೆಲೆ ನೋಡಿ ಯೋಚನೆ ಮಾಡುವುದು ನನ್ನಿಂದ ಆಗದ ಕೆಲಸ ಅಂತ ನನಗೆ ಗೊತ್ತಾಗಿದೆ. ನಾನು ಚಿಕ್ಕವನಿದ್ದಾಗ ಅಪ್ಪ ಪೇಪರಿನಲ್ಲಿ ಹಿಂದಿನ ದಿನದ ಬೆಲೆ ನೋಡಿಯೇ ಎಲ್ಲ ತೀರ್ಮಾನ ಮಾಡುತ್ತಿದ್ದರು. ನನಗೀಗ ಇರುವ ಹನ್ನೆರಡೂವರೆ ಗಂಟೆಗಿಂತ ದೊಡ್ಡ ಅಂತರ ಅವರಿಗೆ ದಿನಾ ಇತ್ತು.

ಆ ವರ್ಷದ ದೀಪಾವಳಿಯಲ್ಲಿ ಶುಭಕ್ಕೆಂದು ನಡೆಯುವ ಮುಹೂರ್ತದ ವಹಿವಾಟು ನವೆಂಬರ್ 1, ಶುಕ್ರವಾರ ಸಂಜೆ 6ರಿಂದ 7. ಇಲ್ಲಿ ಗಡಿಯಾರ ಹಿಂದಕ್ಕೆ ಹೋಗುವುದಕ್ಕೆ ಇನ್ನೂ ಎರಡು ದಿನ ಇತ್ತು, ಹಾಗಾಗಿ ನನಗೆ ಬೆಳಿಗ್ಗೆ ಐದೂವರೆ. ಸ್ಕ್ರಿಪ್ಟಿಗೆ ಈ ಸಂಜೆಯ ಒಂದು ಗಂಟೆ ಹೇಳಿಕೊಟ್ಟಿರಲಿಲ್ಲ, ಅದು ಏಳಲಿಲ್ಲ. ಐದೂ ಇಪ್ಪತ್ತೈದಕ್ಕೆ ಫೋನು ಸದ್ದು ಮಾಡಿತು.

"ಎದ್ದಿದೀಯೇನೋ?"

"ಎದ್ದಿದೀನಿ ಅಪ್ಪಾ. ನೀವು ಯಾವುದು ತಗೋತೀರಾ ಈ ಸಲ?"

ಹಿಂದೆ ಪಟಾಕಿಯ ಸದ್ದು, ಅಮ್ಮ ಯಾರನ್ನೋ ಬಾಗಿಲ ಹತ್ತಿರ ದೀಪ ಸರಿಯಾಗಿಡು ಅನ್ನುತ್ತಿದ್ದರು. ಅಪ್ಪ ಜೂನ್‌ನಲ್ಲಿ ಮಾರಿದ ಅದೇ ಕಂಪನಿಯ ಹೆಸರು ಹೇಳಿದರು. ಐದೇ ಐದು ಷೇರು. ಆರ್ಡರ್ ಹಾಕಿದರು, ಆಮೇಲೆ ಆರ್ಡರ್ ಪುಟ ತೆಗೆದು `COMPLETE` ಅಂತ ಇರುವುದನ್ನು ಕ್ಯಾಮೆರಾಗೆ ಹಿಡಿದು ತೋರಿಸಿದರು. ನಾನು ನೋಡಿ ಹೂಂ ಅಂದ ಮೇಲೆ ಪೆನ್ನಿನ ಕ್ಯಾಪ್ ತೆಗೆದು ನೋಟ್‌ಬುಕ್ ಬಿಡಿಸಿದರು.